ಎಂಎ ಮಾಡಲಾ, ಎಂಎಸ್ಸಿ ಮಾಡಲಾ?

"ಬಿಎಸ್ಸಿಯಲ್ಲಿ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಗಣಿತ ಓದಿದ್ದೇನೆ. ಪಾಲಿಸಿ, ಅನಾಲಿಟಿಕ್ಸ್, ಬ್ಯಾಂಕ್, ಲೆಕ್ಚರರ್ ಎಲ್ಲವೂ ಮನಸ್ಸಿನಲ್ಲಿವೆ. ಮುಂದೆ ಯಾವುದರಲ್ಲಿ ಪಿಜಿ ಮಾಡಲಿ?"

ನಾನಾದರೆ ಎಂಎ ಅರ್ಥಶಾಸ್ತ್ರ ತಗೊಳ್ತಿದ್ದೆ. ಕಾರಣ ಇದು. ಯುಪಿಎಸ್‌ಸಿ ನಡೆಸುವ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್‌ಗೆ ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿದ್ದರೆ ಸಾಕು. ಆ ಬಾಗಿಲು ನಿಮಗೆ ಆಗಲೇ ತೆರೆದಿದೆ. ಇಂಡಿಯನ್ ಎಕನಾಮಿಕ್ ಸರ್ವಿಸ್‌ಗೆ ಮಾತ್ರ ಅರ್ಥಶಾಸ್ತ್ರದ ಪಿಜಿಯೇ ಬೇಕು. ಎಂಎಸ್ಸಿ ಸಂಖ್ಯಾಶಾಸ್ತ್ರಕ್ಕೆ ಹೋದರೆ ಇದು ಕೈತಪ್ಪುತ್ತದೆ. ಕಾಲೇಜಿನಲ್ಲಿ ಪಾಠ ಮಾಡಲು ಯುಜಿಸಿ ನೆಟ್‌ನಲ್ಲಿ ಅರ್ಥಶಾಸ್ತ್ರ ಇದೆ, ಸಂಖ್ಯಾಶಾಸ್ತ್ರದವರು ಸಿಎಸ್‌ಐಆರ್ ನೆಟ್‌ನ ಗಣಿತ ವಿಜ್ಞಾನದ ಪರೀಕ್ಷೆ ಬರೆಯಬಹುದು. ಬ್ಯಾಂಕ್ ಪಿಒಗೆ ಯಾವ ಪದವಿಯಾದರೂ ನಡೆಯುತ್ತದೆ, ಅದಕ್ಕಾಗಿ ಪಿಜಿ ಬೇಡ.

ಅನಾಲಿಟಿಕ್ಸ್‌ಗೆ ಸರ್ಟಿಫಿಕೇಟ್ ಕೂಡಿಹಾಕುವ ಬದಲು ಸರ್ಕಾರ ನಡೆಸುವ ಉದ್ಯೋಗ-ನಿರುದ್ಯೋಗದ ಪಿಎಲ್‌ಎಫ್‌ಎಸ್ ಸಮೀಕ್ಷೆಯ ಮೂಲ ದತ್ತಾಂಶ ಇಳಿಸಿಕೊಂಡು ಕರ್ನಾಟಕದ ನಿರುದ್ಯೋಗ ಲೆಕ್ಕ ಹಾಕಿ. ಹೊಸಬರು ಎಡವುವುದು ತೂಕದಲ್ಲಿ, ಅಂದರೆ ಮಲ್ಟಿಪ್ಲೈಯರ್‌ನಲ್ಲಿ. ಒಂದು ಕಲ್ಪಿತ ಲೆಕ್ಕ ನೋಡಿ. ಹಳ್ಳಿಯ 1000 ಜನರಲ್ಲಿ 10 ಮಂದಿಯನ್ನು ಕೇಳಿದೆವು, 2 ಮಂದಿಗೆ ಕೆಲಸವಿಲ್ಲ. ಪಟ್ಟಣದ 200ರಲ್ಲೂ 10 ಮಂದಿಯನ್ನೇ ಕೇಳಿದೆವು, 5 ಮಂದಿಗಿಲ್ಲ. ಸುಮ್ನೆ ಕೂಡಿದರೆ 20ಕ್ಕೆ 7, ಶೇ 35. ಆದರೆ ಹಳ್ಳಿಯ ಒಬ್ಬ 100 ಜನರಿಗೆ, ಪಟ್ಟಣದವ 20 ಜನರಿಗೆ ಪ್ರತಿನಿಧಿ ಅಲ್ವಾ? ಹಾಗಾಗಿ 1200ಕ್ಕೆ 300, ಶೇ 25. ನಿಮ್ಮ ಉತ್ತರ ಸರ್ಕಾರದ ವರದಿಯ ಅಂಕಿಗೆ ಹೊಂದದಿದ್ದರೆ ಮೊದಲು ತೂಕ ಹಾಕಿದ್ದೀರಾ ನೋಡಿ. ಹೊಂದಿದರೆ ಆ ಲೆಕ್ಕಕ್ಕೆ ಬರೆದ ಕೋಡನ್ನೇ ಸಂದರ್ಶನಕ್ಕೆ ತಗೊಂಡು ಹೋಗಿ.