‘ಚಿಂದಿ’ ಅಂದರೆ ಬೈಗುಳವಾ?

ಮೊಮ್ಮಗ ನನ್ನ ಕಡುಬು ತಿಂದು ‘ಚಿಂದಿ ಅಜ್ಜಿ’ ಅಂದ. ಬೈದನಾ?

ಇಲ್ಲ ಅಮ್ಮ, ಹೊಗಳಿದ್ದಾನೆ. ನಮಗೆ ಚಿಂದಿ ಅಂದರೆ ಹರಿದ ಬಟ್ಟೆ. ಈಗಿನ ಹುಡುಗರಿಗೆ ‘ತುಂಬಾ ಚೆನ್ನಾಗಿದೆ’ ಅಂತ. ‘ಬೆಂಕಿ’ಯೂ ಹಾಗೇ. ತೀರ್ಥಹಳ್ಳಿಯ ಮನೆಯಲ್ಲಿ ನಮ್ಮಮ್ಮ ಕಳಲೆ ಪಲ್ಯ ಬಡಿಸಿದಾಗ ನನ್ನ ಮಗಳು ‘ಬೆಂಕಿ!’ ಅಂದಳು. ಅಮ್ಮ ಗಾಬರಿಯಾಗಿ ಒಲೆ ಕಡೆ ತಿರುಗಿದರು. ಮಗಳು ಅಷ್ಟರಲ್ಲಿ ಇನ್ನೊಂದು ಸೌಟು ಹಾಕಿಸಿಕೊಳ್ಳೋಕೆ ತಟ್ಟೆ ಮುಂದೆ ಮಾಡಿದ್ದಳು.

ಊಟ, ಹಾಡು, ಆಟ ನೋಡಿ ಇಷ್ಟೇ ಪದ ಅಂದರೆ ಅದು ಮೆಚ್ಚುಗೆ. ‘ಚಿಂದಿ ಬಟ್ಟೆ’ ಅಂದಾಗ ಮಾತ್ರ ಹಳೇ ಅರ್ಥವೇ. ಇಷ್ಟವಾಗದಿದ್ದರೆ ‘ಡಬ್ಬಾ’ ಅಂತಾರೆ. ‘ತೋಪು’ ಅಂದರೆ ನೆಲ ಕಚ್ಚಿತು ಅಂತ, ಅದನ್ನು ಜಾಸ್ತಿ ಹೇಳೋದು ಸಿನಿಮಾಕ್ಕೆ.