ಗಾಜಿನ ಮೇಲಿನ ಹನಿ, ಹಿಂದಿನ ದೀಪ: ‘ಮಸುಕು’ ಅಂತ ಬರೆದರೆ ಸಾಲದು

ಪ್ರಶ್ನೆ: ಕಿರುಚಿತ್ರಕ್ಕೆ ಚಿತ್ರಕಥೆ ಬರೀತಿದ್ದೇನೆ. ಹುಬ್ಬಳ್ಳಿ ಚೆನ್ನಮ್ಮ ಸರ್ಕಲ್, ರಾತ್ರಿ ಬಸ್ಸು, ಜಿಟಿಜಿಟಿ ಮಳೆ. ‘ಮಸುಕಾದ ಕಿಟಕಿ ಗಾಜು, ಮಳೆಹನಿ, ಹಿಂದೆ ದೀಪಗಳು’ ಅಂತ ಬರೆದಿದ್ದೆ. ಕ್ಯಾಮೆರಾ ಹಿಡಿವ ಗೆಳೆಯ ಮೊದಲ ಸಲ ತಂದದ್ದರಲ್ಲಿ ಗಾಜೆಲ್ಲ ಬೆಳ್ಳಗೆ. ಎರಡನೇ ಸಲ ಅಂಗಡಿ ಬೋರ್ಡು ಓದಬಹುದು, ಹನಿಗಳೇ ಕಾಣಲ್ಲ. ಹೇಗೆ ಬರೀಬೇಕಿತ್ತು, ಸರ?
– ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ನಿಮ್ಮ ಗೆಳೆಯ ಎರಡೂ ಸಲ ನೀವು ಬರೆದದ್ದನ್ನೇ ತಂದಿದ್ದಾರೆ. ಗಾಜಿಗೆ ಹಬೆ ಹಿಡಿದರೂ ಮಸುಕು, ಫೋಕಸ್ ತಪ್ಪಿದರೂ ಮಸುಕು. ಯಾವ ಮಸುಕು ಎಂದು ನೀವು ಹೇಳಲಿಲ್ಲ, ಅವರು ಊಹಿಸಿದರು.

ಮೊದಲು ನೀರು ಗಾಜಿನ ಯಾವ ಕಡೆ ಇದೆ ಎಂದು ಬರೆಯಿರಿ. ಮಳೆಹನಿ ಹೊರಗಡೆ, ಒಂದರಿಂದ ಐದು ಮಿಲಿಮೀಟರ್ ಅಗಲ. ಪ್ರತಿ ಹನಿಯೂ ಪುಟ್ಟ ಮಸೂರ, ಅದರೊಳಗೆ ಬೀದಿ ತಲೆಕೆಳಗಾಗಿ ಕಾಣುತ್ತದೆ: ದೀಪಗಳು ಕೆಳಗೆ, ಒದ್ದೆ ರಸ್ತೆ ಮೇಲೆ. ಹಬೆ ಹಿಡಿಯುವುದು ಒಳಗಡೆ. ಕಿಟಕಿ ಮುಚ್ಚಿದ ಸಾದಾ ಬಸ್ಸು, ತುಂಬ ಜನ, ತೋಯ್ದ ಬಟ್ಟೆ, ಒದ್ದೆ ಛತ್ರಿ. ಒಳಗಿನ ಗಾಳಿ 26 ಡಿಗ್ರಿ, ತೇವ ಶೇ 80 ಇದ್ದರೆ, ಗಾಜು 22 ಡಿಗ್ರಿಗೆ ಇಳಿದಾಗ ಆವಿ ಅದರ ಮೇಲೆ ಕೂಡಲು ಶುರು. ಈ ಕಣಗಳು ಎಷ್ಟು ಸಣ್ಣವೆಂದರೆ ಬಿಡಿಯಾಗಿ ಕಣ್ಣಿಗೆ ಬೀಳುವುದಿಲ್ಲ, ಬೆಳಕನ್ನು ಚೆಲ್ಲಾಪಿಲ್ಲಿ ಮಾಡುತ್ತವೆ. ಆಗ ದೀಪ ಅಂಚಿಲ್ಲದ ಬೆಳ್ಳನೆಯ ಮೋಡದಂತಾಗುತ್ತದೆ. ನಿಮ್ಮ ಮೊದಲ ಶಾಟ್ ಇದೇ. ಬೆರಳಿಂದ ಗೀರಿ ನೋಡಿದರೆ ಗೊತ್ತಾಗುತ್ತದೆ, ಹಬೆ ಅಳಿಯುತ್ತದೆ, ಹೊರಗಿನ ಹನಿ ಅಲ್ಲೇ ಇರುತ್ತದೆ.

ಅಂದಹಾಗೆ, ನಿಮ್ಮ ಪಾತ್ರ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಎಸಿ ಬಸ್ಸು ಚಿಗರಿಯಲ್ಲಿ ಕೂತು ಗಾಜಿನ ಮೇಲೆ ಹೆಸರು ಬರೆಯುವ ಹಾಗಿದ್ದರೆ ಯೋಚಿಸಿ. ಎಸಿ ಒಳಗಿನ ತೇವ ಹೀರುತ್ತಿರುವಾಗ ಒಳಗಡೆ ಹಬೆ ನಿಲ್ಲುವುದು ಕಷ್ಟ. ಹೆಸರು ಬರೆಯಲೇಬೇಕಾದರೆ ಸಾದಾ ಬಸ್ಸು ಹತ್ತಿಸಿ.

ಇನ್ನು ಫೋಕಸ್. ‘ಹಿನ್ನೆಲೆ ಬ್ಲರ್’ ಎಂದಷ್ಟೇ ಬರೆಯುವವರೇ ಹೆಚ್ಚು. ಎಷ್ಟು ಬ್ಲರ್ ಎಂದು ಹೇಳಲು ನನಗೆ ಬಲು ಇಷ್ಟವಾದ ಒಂದು ಲೆಕ್ಕವಿದೆ. ಗಾಜಿಗೆ ಫೋಕಸ್ ಮಾಡಿದಾಗ ದೂರದ ದೀಪ ಉರುಟು ಬಿಲ್ಲೆಯಾಗಿ ಹರಡುತ್ತದಲ್ಲ, ಗಾಜಿನ ಮೇಲೆ ಅಳೆದರೆ ಆ ಬಿಲ್ಲೆಯ ಅಗಲ ಹೆಚ್ಚುಕಡಿಮೆ ಲೆನ್ಸಿನ ದ್ವಾರದ ಅಗಲದಷ್ಟೇ. 50 ಮಿಲಿಮೀಟರ್ ಲೆನ್ಸು, ಎಫ್ 1.8: 50ನ್ನು 1.8ರಿಂದ ಭಾಗಿಸಿ, 28 ಮಿಲಿಮೀಟರ್. ನಾಲ್ಕು ಮಿಲಿಮೀಟರ್ ಹನಿಯ ಹಿಂದೆ ಅದರ ಏಳು ಪಟ್ಟಿನ ಬೆಳಕಿನ ಬಿಲ್ಲೆ. ಬೋರ್ಡಿನ ಅಕ್ಷರ ಕರಗಿಹೋಗುತ್ತದೆ, ಬಣ್ಣ ಉಳಿಯುತ್ತದೆ. ಅದೇ ಲೆನ್ಸು ಎಫ್ 8ಕ್ಕೆ ಇಟ್ಟರೆ ಬಿಲ್ಲೆ ಆರು ಮಿಲಿಮೀಟರ್, ಹನಿ ಯಾವುದು ದೀಪ ಯಾವುದು ತಿಳಿಯದೆ ಕಲಸಿಹೋಗುತ್ತವೆ. ಮೊಬೈಲಿನ ಮುಖ್ಯ ಲೆನ್ಸಿನ ದ್ವಾರ ಮೂರು ಮಿಲಿಮೀಟರಿನ ಆಸುಪಾಸು, ಅಲ್ಲೂ ಇದೇ ಗೋಳು. ಗೆಳೆಯನ ಎರಡನೇ ಶಾಟ್‌ನಲ್ಲಿ ಬೋರ್ಡು ಓದಲು ಬಂತೆಂದರೆ ಫೋಕಸ್ ಗಾಜು ದಾಟಿ ಬೀದಿಗೆ ಹೋಗಿದೆ. ಕತ್ತಲಲ್ಲಿ ಆಟೋ ಫೋಕಸ್ ಉರಿಯುವ ದೀಪಕ್ಕೇ ಅಂಟಿಕೊಳ್ಳುತ್ತದೆ, ಕೈಯಿಂದಲೇ ತಿರುಗಿಸಬೇಕು.

ಈ ತೆಳು ಫೋಕಸ್‌ನಲ್ಲಿ ಒಂದು ತೊಡಕು. ಗಾಜಿಂದ 60 ಸೆಂಟಿಮೀಟರ್ ದೂರ ನಿಂತು ಎಫ್ 1.8ರಲ್ಲಿ ತೆಗೆದರೆ, ಚೂಪಾಗಿ ಬರುವ ಆಳ ಸುಮಾರು ಒಂದು ಸೆಂಟಿಮೀಟರ್. ಕ್ಯಾಮೆರಾ ಸ್ವಲ್ಪ ಓರೆಯಾದರೂ ಒಂದು ಬದಿಯ ಹನಿ ಸ್ಪಷ್ಟ, ಇನ್ನೊಂದು ಬದಿಯದು ಕಲೆ. ಹಾಗಾಗಿ ‘ಗಾಜಿಗೆ ನೇರ ಎದುರು’ ಎಂಬ ಮಾತು ಬರಹದಲ್ಲಿರಲಿ. ಗಾಜು ನಾಲ್ಕೈದು ಮಿಲಿಮೀಟರ್ ದಪ್ಪ ಅಷ್ಟೇ, ಆದ್ದರಿಂದ ಹೊರಗಿನ ಹನಿ, ಒಳಗಿನ ಹಬೆ ಎರಡೂ ಒಟ್ಟಿಗೇ ಫೋಕಸ್‌ಗೆ ಸಿಗುತ್ತವೆ. ಎರಡೂ ಬೇಕಿದ್ದರೆ ಹಬೆ ಕೆಳ ಮೂಲೆಯಲ್ಲಿ ಮಾತ್ರ ಎಂದು ಬರೆಯಿರಿ. ಗಾಜು ತುಂಬ ಹಬೆ ಇದ್ದರೆ ಬಿಲ್ಲೆಗಳ ಅಂಚು ಸತ್ತುಹೋಗುತ್ತದೆ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

‘ರಾತ್ರಿ. ಸಾದಾ ಬಸ್ಸು, ಒಳದೀಪ ಆರಿದೆ. ಕ್ಯಾಮೆರಾ ಗಾಜಿಗೆ ನೇರ ಎದುರು, ಫೋಕಸ್ ಹೊರಗಿನ ಮಳೆಹನಿಗಳ ಮೇಲೆ. ಹನಿಗಳು ಬಿಡಿಬಿಡಿ, ಒಂದು ಹನಿ ಇನ್ನೊಂದನ್ನು ಕೂಡಿಕೊಂಡು ಜಾರುತ್ತದೆ. ಕೆಳಗಿನ ಎಡ ಮೂಲೆಯಲ್ಲಿ ಮಾತ್ರ ಒಳಗಡೆ ಹಬೆ. ಹಿಂದೆ ಸರ್ಕಲ್ಲಿನ ದೀಪಗಳು ಹನಿಗಿಂತ ಬಹಳ ದೊಡ್ಡ ಉರುಟು ಬಿಲ್ಲೆಗಳು, ಕೆಂಪು ಮತ್ತು ಹಳದಿ. ಯಾವ ಅಕ್ಷರವೂ ಓದಲು ಬರದು.’

ಒಳದೀಪ ಆರಿದೆ ಎಂಬುದನ್ನು ಬಿಡಬೇಡಿ. ಅದು ಉರಿಯುತ್ತಿದ್ದರೆ ಗಾಜಿನಲ್ಲಿ ಕಾಣುವುದು ಗೆಳೆಯನ ಮುಖ. ಚಿತ್ರೀಕರಣದ ದಿನ ಮಳೆ ಕೈಕೊಟ್ಟರೆ ನೀರಿಗೆ ಗ್ಲಿಸರಿನ್ ಬೆರೆಸಿ ಸ್ಪ್ರೇ ಬಾಟಲಿಯಿಂದ ಹೊಡೆಯಿರಿ, ಹನಿ ಬೇಗ ಆರದೆ ನಿಲ್ಲುತ್ತದೆ. ಆದರೆ ಆ ಹನಿ ಮಂದ, ಜಾರುವುದು ನಿಧಾನ. ಜಾರುವ ಹನಿಯ ಶಾಟ್‌ಗೆ ಬರೀ ನೀರೇ ಆಗಬೇಕು.