"ಎಲ್ಲ ಪ್ರೊಸೀಜರ್ ಮಾಡಿದ್ದೇನೆ" ಅಂದರೆ ಯಾವುದನ್ನು?

ಪ್ರಶ್ನೆ: ನಾನು ಹುಮನಾಬಾದಿನವಳು. ಮಹಾರಾಷ್ಟ್ರದಲ್ಲಿ ಎಂಬಿಬಿಎಸ್ ಮುಗಿಸಿ, ಅಲ್ಲೇ ಒಂದು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ 14 ತಿಂಗಳು ಕೆಲಸ ಮಾಡಿದ್ದೇನೆ. ಈಗ ಕಲಬುರಗಿಯಲ್ಲಿ ಡ್ಯೂಟಿ ಡಾಕ್ಟರ್ ಕೆಲಸಕ್ಕೆ ಇಮೇಲ್ ಕಳಿಸುತ್ತಿದ್ದೇನೆ. "ಎಲ್ಲ ಎಮರ್ಜೆನ್ಸಿ ಪ್ರೊಸೀಜರ್ ನಿಭಾಯಿಸಿದ್ದೇನೆ" ಎಂದು ಬರೆದರೂ ಯಾರೂ ಕರೆಯುತ್ತಿಲ್ಲ. ಚೆಸ್ಟ್ ಟ್ಯೂಬ್‌ಗೆ ಎರಡೇ ಸಲ ಅಸಿಸ್ಟ್ ಮಾಡಿದ್ದೇನೆ. ಅದನ್ನು ಬರೆಯಬೇಕೋ, ಬಿಡಬೇಕೋ?

ಉತ್ತರ: ಬರೆಯಿರಿ. "ಅಸಿಸ್ಟ್ ಮಾಡಿದ್ದೇನೆ, 2" ಅಂತಲೇ ಬರೆಯಿರಿ. ಆ "ಎಲ್ಲ" ಅನ್ನೋ ಪದವನ್ನು ಮಾತ್ರ ತೆಗೆದುಬಿಡಿ.

ನಿಮ್ಮ ಇಮೇಲ್ ಓದುವವರು ಸಾಮಾನ್ಯವಾಗಿ ರಾತ್ರಿ ಡ್ಯೂಟಿಯ ಪಟ್ಟಿ ಹಾಕುವ ಹಿರಿಯ ಡಾಕ್ಟರ್. ನಾನೂ ಬಹಳ ವರ್ಷ ಆ ಕೆಲಸ ಮಾಡಿದ್ದೇನೆ. ಅವರ ತಲೆಯಲ್ಲಿ ಇರೋದು ಒಂದೇ ಪ್ರಶ್ನೆ. ರಾತ್ರಿ ಎರಡು ಗಂಟೆಗೆ ಕ್ರಿಮಿನಾಶಕ ಕುಡಿದವರನ್ನು ಜೀಪಿನಲ್ಲಿ ಹಾಕಿಕೊಂಡು ಬಂದರೆ, ನಾನು ಮನೆಯಿಂದ ಬರುವವರೆಗೆ ಈ ಹುಡುಗಿಯ ಕೈಯಲ್ಲಿ ಏನನ್ನು ಬಿಡಬಹುದು?

ಹಿಂದೆ ನಾನಿದ್ದ ಒಂದು ಆಸ್ಪತ್ರೆಗೆ ಬಂದಿದ್ದ ಅರ್ಜಿಯಲ್ಲಿ "ಇಂಟ್ಯುಬೇಶನ್, 20" ಎಂದಿತ್ತು. ನಂಬಿ ರಾತ್ರಿ ಡ್ಯೂಟಿ ಕೊಟ್ಟೆ. ಮೊದಲ ವಾರವೇ ಅಂಥದ್ದೇ ವಿಷದ ಕೇಸು ಬಂತು. ಬಾಯಿ ತುಂಬ ನೊರೆ, ಉಸಿರು ನಿಲ್ಲುವ ಹಾಗಿತ್ತು. ನಾನು ಓಡಿ ಬರುವಷ್ಟರಲ್ಲಿ ಹುಡುಗನ ಕೈ ನಡುಗುತ್ತಿತ್ತು. ಸಿಸ್ಟರ್ ಬಿಡದೆ ಬ್ಯಾಗ್-ಮಾಸ್ಕ್ ಒತ್ತುತ್ತಿದ್ದರು, ರೋಗಿ ಉಳಿದದ್ದು ಅವರಿಂದ. ಆಮೇಲೆ ಕೇಳಿದರೆ, ಆ 20ರಲ್ಲಿ ಅವನು ಮಾಡಿದ್ದು ಮೂರು, ಉಳಿದದ್ದೆಲ್ಲ ನೋಡಿದ್ದು. ಅಸಿಸ್ಟ್ ಮಾಡಿದವರನ್ನು ನಾವು ಕೆಲಸಕ್ಕೆ ತಗೊಳ್ಳುತ್ತೇವೆ, ಜೊತೆಗೆ ಹಿರಿಯರನ್ನು ಹಾಕುತ್ತೇವೆ. ಆದರೆ ಅದು ನಮಗೆ ಮೊದಲೇ ಗೊತ್ತಿರಬೇಕು.

ಹಾಗಾಗಿ ಪಿಜಿ ಲಾಗ್‌ಬುಕ್ಕಿನಲ್ಲಿ ಮಾಡುವ ಹಾಗೆ ನಾಲ್ಕು ಭಾಗ ಮಾಡಿಕೊಳ್ಳಿ: ನೋಡಿದ್ದು, ಅಸಿಸ್ಟ್ ಮಾಡಿದ್ದು, ಹಿರಿಯರ ಎದುರು ಮಾಡಿದ್ದು, ಒಬ್ಬರೇ ಮಾಡಿದ್ದು. ಬರೀ ನೋಡಿದ್ದನ್ನು ಇಮೇಲ್‌ಗೆ ಹಾಕಬೇಡಿ. ಗೊಂಬೆಯ ಮೇಲೆ ಕಲಿತದ್ದನ್ನು ಟ್ರೈನಿಂಗ್ ಎಂದು ಬೇರೆ ಬರೆಯಿರಿ, ಲೆಕ್ಕಕ್ಕೆ ಸೇರಿಸಬೇಡಿ. ಇಮೇಲ್ ಕಳಿಸುವುದು ಇಂಗ್ಲಿಷಿನಲ್ಲೇ ಆದರೂ ಅದರ ಧಾಟಿ ಹೀಗಿರಲಿ. ಅಂಕಿಗಳು ಉದಾಹರಣೆಗೆ ಮಾತ್ರ:

"ಕಳೆದ 14 ತಿಂಗಳಲ್ಲಿ ಇಂಟ್ಯುಬೇಶನ್ ಹಿರಿಯರ ಎದುರು 9, ಒಬ್ಬಳೇ 4. ಗಾಯಕ್ಕೆ ಹೊಲಿಗೆ ಒಬ್ಬಳೇ, ಸುಮಾರು 150. ಸೆಂಟ್ರಲ್ ಲೈನ್ ಹಿರಿಯರ ಎದುರು 3. ಚೆಸ್ಟ್ ಟ್ಯೂಬ್‌ಗೆ ಅಸಿಸ್ಟ್ 2, ಒಬ್ಬಳೇ ಹಾಕಿಲ್ಲ."

ಕೊನೆಯ ಆ ಎರಡು ಪದ ನೋಡಿ. ಅದನ್ನು ಓದಿದ ಮೇಲೆ ಉಳಿದ ಅಂಕಿಗಳನ್ನೂ ನಾನು ನಂಬುತ್ತೇನೆ.

ನಮ್ಮ ಭಾಗದಲ್ಲಿ ಇನ್ನೊಂದು ಸಾಲು ಬೇಕೇ ಬೇಕು. ಮಳೆಗಾಲದಲ್ಲಿ ತೊಗರಿ ಹೊಲದಿಂದ ಹಾವು ಕಚ್ಚಿದವರು ಬರುತ್ತಾರೆ. 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿ ಆಂಟಿವೆನಮ್ ಶುರು ಮಾಡಿದ್ದೀರಾ? ಅದರಿಂದ ಅಲರ್ಜಿ ಆದಾಗ ಅಡ್ರಿನಲಿನ್ ಕೊಟ್ಟಿದ್ದೀರಾ? ವಿಷದ ಕೇಸಿನಲ್ಲಿ ಅಟ್ರೋಪಿನ್ ಡೋಸ್ ನೀವೇ ಏರಿಸಿ ಇಳಿಸಿದ್ದೀರಾ? ಎಂಎಲ್‌ಸಿ ಬರೆದಿದ್ದೀರಾ? ಇವು ದೊಡ್ಡ ಪ್ರೊಸೀಜರ್ ಅಲ್ಲ ಅಂತ ಬಹಳ ಜನ ಬಿಟ್ಟುಬಿಡುತ್ತಾರೆ. ಕಲಬುರಗಿಯ ಕ್ಯಾಶುವಾಲ್ಟಿಗೆ ಸೆಂಟ್ರಲ್ ಲೈನಿಗಿಂತ ಇವೇ ಜಾಸ್ತಿ ಬೇಕು.

ನಿಮಗೆ ಕರೆ ಬಾರದಿರಲು ಇನ್ನೊಂದು ಕಾರಣವೂ ಇರಬಹುದು: ನೋಂದಣಿ. ನಿಮ್ಮದು ಮಹಾರಾಷ್ಟ್ರ ಕೌನ್ಸಿಲ್ಲಿನದು ಅಲ್ವಾ? ಇಲ್ಲಿನ ಆಸ್ಪತ್ರೆಗಳು ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ಕೇಳುತ್ತವೆ. ಅಲ್ಲಿಂದ ಎನ್‌ಒಸಿ ತಗೊಂಡು ಇಲ್ಲಿ ಅರ್ಜಿ ಹಾಕಬೇಕು. ಅದು ಎಲ್ಲಿಗೆ ಬಂದಿದೆ ಅನ್ನೋದನ್ನು ಇಮೇಲ್‌ನ ಮೊದಲ ಸಾಲುಗಳಲ್ಲೇ ಹೇಳಿ: ಈಗಿನ ನೋಂದಣಿ ಸಂಖ್ಯೆ, ಅದು ಯಾವ ದಿನಾಂಕದವರೆಗೆ ಇದೆ, ಇಲ್ಲಿ ಅರ್ಜಿ ಹಾಕಿದ ದಿನ. ಅರ್ಜಿ ಹಾಕಿಲ್ಲದಿದ್ದರೆ ಮೊದಲು ಅದನ್ನು ಹಾಕಿ. ಇಂಟರ್ನ್‌ಶಿಪ್‌ಗೆ ಕೊಟ್ಟಿದ್ದ ತಾತ್ಕಾಲಿಕ ಸಂಖ್ಯೆಯನ್ನು ಮರೆತು ಹಾಕುವವರೂ ಇದ್ದಾರೆ. ಅದು ಇಂಟರ್ನ್‌ಶಿಪ್‌ಗಷ್ಟೇ, ಕೆಲಸಕ್ಕೆ ಆಗುವುದಿಲ್ಲ.

ಟ್ರೈನಿಂಗ್ ಎರಡು ಸಾಲು ಸಾಕು: ಇಂಟರ್ನ್‌ಶಿಪ್ ಎಲ್ಲಿ, ಯಾವಾಗಿನಿಂದ ಯಾವಾಗಿನವರೆಗೆ, ಬಿಎಲ್‌ಎಸ್, ಎಸಿಎಲ್‌ಎಸ್ ಮಾಡಿದ್ದರೆ ಮುಗಿಯುವ ತಿಂಗಳು.

ಪುರಾವೆಗೆ ಅಂತ ಲಾಗ್‌ಬುಕ್ ಪುಟದ ಫೋಟೋ ಕಳಿಸಬೇಡಿ. ಅದರಲ್ಲಿ ರೋಗಿಯ ಹೆಸರು, ಐಪಿ ನಂಬರ್ ಇರುತ್ತದೆ. ಹಳೆಯ ಆಸ್ಪತ್ರೆಯ ಹಿರಿಯರಿಂದ ಒಟ್ಟು ಲೆಕ್ಕದ ಹಾಳೆಗೆ ಸಹಿ ಮಾಡಿಸಿ ಅದನ್ನು ಲಗತ್ತಿಸಿ. ಸೇರುವ ದಿನಾಂಕ ಕೇಳಿದರೆ "ಕರ್ನಾಟಕ ನೋಂದಣಿ ಕೈಗೆ ಬಂದ ಮೇಲೆ" ಎಂದೇ ಬರೆಯಿರಿ.